ಖಾಲಿ ಹೊಟ್ಟೆಯಲ್ಲಿ ಸರಿ, ಊಟದ ನಂತರ ಹೆಚ್ಚು

ಹಾಸನದ ಕಚೇರಿಯೊಂದರಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವ ಒಬ್ಬರ ರಕ್ತದ ಸಕ್ಕರೆ ಖಾಲಿ ಹೊಟ್ಟೆಯಲ್ಲಿ 96, ಊಟವಾಗಿ ಎರಡು ಗಂಟೆಯ ಬಳಿಕ 188 ಬಂದಿದೆ ಎಂದುಕೊಳ್ಳೋಣ. ಮೊದಲನೆಯದನ್ನು ನೋಡಿ ಸಮಾಧಾನಪಡುವವರೇ ಹೆಚ್ಚು. ಆದರೆ ನಾನು ಮೊದಲು ನೋಡುವುದು ಎರಡನೆಯದನ್ನು. ರಾತ್ರಿಯಿಡೀ ಸಕ್ಕರೆಯನ್ನು ಹದದಲ್ಲಿಡುವ ಕೆಲಸ ಮುಖ್ಯವಾಗಿ ಯಕೃತ್ತಿನದು. ಅಕ್ಕಿರೊಟ್ಟಿ ತಿಂದ ಮೇಲೆ ಏರಿದ ಗ್ಲೂಕೋಸನ್ನು ಒಳಗೆಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಸ್ನಾಯುಗಳದು.

ಗ್ಲೂಕೋಸ್ ಕೋಶದ ಪೊರೆಯನ್ನು ತಾನಾಗಿ ದಾಟಲಾರದು. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಅದನ್ನು ದಾಟಿಸುವ ಮುಖ್ಯ ಪ್ರೋಟೀನು ಗ್ಲುಟ್-4. ವಿಶ್ರಾಂತಿಯಲ್ಲಿ ಇದರ ಬಹುಪಾಲು ಕೋಶದೊಳಗಿನ ಪುಟ್ಟ ಚೀಲಗಳಂತಹ ಕೋಶಿಕೆಗಳಲ್ಲೇ ಉಳಿದಿರುತ್ತದೆ. ಇನ್ಸುಲಿನ್ ಬಂದಾಗ ಸಾಗಣೆಯ ಪ್ರೋಟೀನು ಹೊಸದಾಗಿ ತಯಾರಾಗುವುದಿಲ್ಲ, ಒಳಗಿದ್ದದ್ದೇ ಮೇಲೆ ಬರುತ್ತದೆ ಎಂಬುದನ್ನು 1980ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು.

ಕೋಶಿಕೆಗಳನ್ನು ಹಿಡಿದಿಡುವುದು ಟಿಬಿಸಿ1ಡಿ4 ಎಂಬ ಪ್ರೋಟೀನು. ಅವುಗಳನ್ನು ಸಾಗಿಸಬೇಕಾದ ರ‍್ಯಾಬ್ ಪ್ರೋಟೀನುಗಳನ್ನು ಅದು ನಿಷ್ಕ್ರಿಯವಾಗಿಟ್ಟಿರುತ್ತದೆ. ಇನ್ಸುಲಿನ್ ಕೋಶದ ಹೊರಗಿನ ಗ್ರಾಹಕಕ್ಕೆ ಅಂಟಿಕೊಂಡಾಗ ಒಳಗೆ ಸಂಕೇತಗಳ ಸರಣಿ ಶುರುವಾಗಿ, ಕೊನೆಗೆ ಎಕೆಟಿ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಎಕೆಟಿ ಟಿಬಿಸಿ1ಡಿ4ಕ್ಕೆ ಫಾಸ್ಫೇಟ್ ಅಂಟಿಸಿದೊಡನೆ ಹಿಡಿತ ಸಡಿಲವಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಕೋಶಿಕೆಗಳು ಪೊರೆಯನ್ನು ಸೇರಿ ಅದರೊಂದಿಗೆ ಬೆಸೆದುಕೊಳ್ಳುತ್ತವೆ. ಇನ್ಸುಲಿನ್ ಇಳಿದಾಗ ಗ್ಲುಟ್-4 ಮತ್ತೆ ಒಳಗೆ ಹೋಗುತ್ತದೆ.

ಹಿಡಿದಿಡುವ ಈ ಪ್ರೋಟೀನೇ ಇಲ್ಲದಿದ್ದರೆ ಸಕ್ಕರೆ ಸಲೀಸಾಗಿ ಒಳನುಗ್ಗಬೇಕಲ್ಲವೇ? ಗ್ರೀನ್‌ಲ್ಯಾಂಡಿನ ಜನರಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಲ್ಲಿ ಸಾಮಾನ್ಯವಾಗಿರುವ ಒಂದು ವಂಶವಾಹಿ ಬದಲಾವಣೆಯಿಂದ ಸ್ನಾಯುಗಳಲ್ಲಿ ಟಿಬಿಸಿ1ಡಿ4ರ ಉದ್ದನೆಯ ರೂಪ ತಯಾರಾಗುವುದಿಲ್ಲ. ತಂದೆತಾಯಿ ಇಬ್ಬರಿಂದಲೂ ಅದನ್ನು ಪಡೆದವರ ಸ್ನಾಯುಗಳಲ್ಲಿ ಗ್ಲುಟ್-4ರ ಪ್ರಮಾಣವೇ ಕುಸಿದಿರುವುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅವರಿಗೆ ಮಧುಮೇಹದ ಅಪಾಯ ಸುಮಾರು ಹತ್ತು ಪಟ್ಟು. ಆದರೂ ಖಾಲಿ ಹೊಟ್ಟೆಯ ಸಕ್ಕರೆ ಏರುವುದಿಲ್ಲ, ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲಿನದು ಮಾತ್ರ ಏರುತ್ತದೆ. ಸ್ನಾಯುವಿನ ದೋಷ ಎಲ್ಲಿ ಬಯಲಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ನಮ್ಮ ಹಾಸನದವರ ಸಮಸ್ಯೆ ಸಾಮಾನ್ಯವಾಗಿ ಅದಲ್ಲ. ಅವರಲ್ಲಿ ಗ್ಲುಟ್-4 ಇರುತ್ತದೆ, ಇನ್ಸುಲಿನ್ನಿನ ಸಂಕೇತ ದಾರಿಯಲ್ಲಿ ದುರ್ಬಲವಾಗಿರುತ್ತದೆ. ಆದರೆ ಸ್ನಾಯು ಸಂಕುಚಿಸುವಾಗ ಎಎಂಪಿಕೆ ಎಂಬ ಕಿಣ್ವವೂ ಸೇರಿದಂತೆ ಬೇರೆ ಸಂಕೇತಗಳು ಇನ್ಸುಲಿನ್ನಿನ ನೆರವಿಲ್ಲದೆಯೇ ಗ್ಲುಟ್-4ನ್ನು ಮೇಲೆ ತರುತ್ತವೆ. ಊಟವಾದ ಮೇಲೆ ಮೂಡಿಗೆರೆಯ ತೋಟದ ಏರು ಹತ್ತುವವರ ತೊಡೆಯಲ್ಲಿ ನಡೆಯುವುದು ಇದೇ. ಮಧುಮೇಹಿಗಳಲ್ಲೂ ಈ ದಾರಿ ಬಹುಮಟ್ಟಿಗೆ ಸುಸ್ಥಿತಿಯಲ್ಲಿರುತ್ತದೆ. ವ್ಯಾಯಾಮದ ನಂತರ ಒಂದೆರಡು ದಿನ ಇನ್ಸುಲಿನ್ನಿಗೆ ಸ್ನಾಯು ಹೆಚ್ಚು ಸ್ಪಂದಿಸುತ್ತದೆ, ಆಮೇಲೆ ಆ ಲಾಭ ಕರಗುತ್ತದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಲ್ಲಿ ಎರಡೂ ದಾರಿಗಳು ಒಟ್ಟಿಗೆ ತೆರೆದು ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ ಕಂಡರೆ ತಕ್ಷಣ ಸಿಹಿ ತಿನ್ನಬೇಕು. ದೀರ್ಘ ನಡಿಗೆ ಶುರುಮಾಡುವ ಮುನ್ನ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.