ಲಾರಿ ಬಾಡಿಗೆಯ ತೆರಿಗೆ ಸರಕು ತರಿಸಿದವರ ತಲೆಗೇಕೆ?

ಮಾರಿದವನು ಗಿರಾಕಿಯಿಂದ ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವುದು ಪರೋಕ್ಷ ತೆರಿಗೆಯ ಸಾಮಾನ್ಯ ಕ್ರಮ. ರಿವರ್ಸ್ ಚಾರ್ಜ್ ಅನ್ವಯಿಸುವ ವ್ಯವಹಾರಗಳಲ್ಲಿ ಮಾರಿದವನು ತೆರಿಗೆ ಹಾಕದೆ ಬಿಲ್ ಕೊಡುತ್ತಾನೆ. ಲೆಕ್ಕ ಹಾಕಿ ಕಟ್ಟುವ ಹೊಣೆ ಕೊಂಡವನದು. ವಕೀಲರ ಶುಲ್ಕದಿಂದ ಹಿಡಿದು ರೇಷ್ಮೆ ನೂಲಿನವರೆಗೆ ಇಂಥ ವ್ಯವಹಾರಗಳ ಪಟ್ಟಿ ಇದೆಯಾದರೂ, ಈ ಪದ್ಧತಿಯ ಒಳಹೊರಗು ತಿಳಿಯಬೇಕಾದರೆ ಲಾರಿ ಬಾಡಿಗೆಯನ್ನು ನೋಡಬೇಕು.

1994ರಲ್ಲಿ ಮೂರೇ ಸೇವೆಗಳೊಂದಿಗೆ ಆರಂಭವಾದ ಸೇವಾ ತೆರಿಗೆ 1997ರ ನವೆಂಬರ್‌ನಲ್ಲಿ ಸರಕು ಸಾಗಣೆಯನ್ನೂ ಒಳಗೊಂಡಿತು. ಒಂದೆರಡು ಲಾರಿ ಇಟ್ಟುಕೊಂಡು ಊರೂರು ಸುತ್ತುವವರನ್ನು ಹುಡುಕಿ ನೋಂದಾಯಿಸುವುದು ಆಗದ ಮಾತೆಂದು, ಬಾಡಿಗೆ ಕೊಡುವವರೇ ತೆರಿಗೆ ಕಟ್ಟಬೇಕೆಂದು ನಿಯಮ ಮಾಡಲಾಯಿತು. ವಿರೋಧ ಬಲವಾಗಿ, 1998ರ ಜೂನ್‌ನಲ್ಲಿ ಆ ತೆರಿಗೆ ನಿಂತಿತು. ಕಾಯ್ದೆಯೇ ಸೇವೆ ಕೊಟ್ಟವನ ಮೇಲೆ ಹೊರಿಸಿದ ಹೊಣೆಯನ್ನು ನಿಯಮದ ಮೂಲಕ ಸೇವೆ ಪಡೆದವನಿಗೆ ದಾಟಿಸುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಲಘು ಉದ್ಯೋಗ ಭಾರತಿ ಪ್ರಕರಣದಲ್ಲಿ ತೀರ್ಪಿತ್ತಿತು. ಮರುವರ್ಷವೇ ಸಂಸತ್ತು ಪೂರ್ವಾನ್ವಯವಾಗಿ ಕಾಯ್ದೆ ತಿದ್ದಿತು. 2005ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಜನವರಿಯಿಂದ ಸಾಗಣೆ ಏಜೆನ್ಸಿಗಳ ಸೇವೆಗೆ ತೆರಿಗೆ ಮರಳಿತ್ತು, ಹೊಣೆ ಹೆಚ್ಚಿನಂಶ ಬಾಡಿಗೆ ಕೊಡುವವರದೇ ಆಗಿತ್ತು.

2017ರ ಜುಲೈ 1ರಂದು ಬಂದ ಜಿಎಸ್‌ಟಿ ಈ ಆಲೋಚನೆಯನ್ನು ಲಾರಿಯಾಚೆಗೆ ಬಹಳ ದೂರ ಕೊಂಡೊಯ್ದಿತು. ಕಾಯ್ದೆಯ 9(3)ನೇ ಉಪವಿಧಿ ಪಟ್ಟಿಯಲ್ಲಿರುವ ಸರಕು, ಸೇವೆಗಳಿಗೆ ಸೀಮಿತವಾಗಿತ್ತು. 9(4)ನೇ ಉಪವಿಧಿಯಾದರೋ, ನೋಂದಣಿ ಇಲ್ಲದ ಯಾರಿಂದಲೇ ಆಗಲಿ, ತೆರಿಗೆ ಬೀಳುವ ಏನನ್ನೇ ಕೊಂಡರೂ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕೆಂದಿತು. ದಿನಕ್ಕೆ ₹5,000ದವರೆಗಿನ ಖರೀದಿಗಷ್ಟೇ ವಿನಾಯಿತಿ ಇತ್ತು. ಅದನ್ನು ಮೀರಿದರೆ ಕೊಂಡವನು ತನ್ನ ಹೆಸರಿಗೆ ತಾನೇ ಬಿಲ್ ಬರೆದುಕೊಳ್ಳಬೇಕು, ತೆರಿಗೆಯನ್ನು ನಗದಾಗಿ ಕಟ್ಟಬೇಕು, ಆಮೇಲೆ ಅದನ್ನೇ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಐಟಿಸಿಯಾಗಿ, ಪಡೆದು ತನ್ನ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬೇಕು. ಪೂರ್ತಿ ಜಮೆ ಸಿಗುವ ವ್ಯಾಪಾರಿಯಿಂದ ಸರ್ಕಾರಕ್ಕೆ ಇದರಲ್ಲಿ ಉಳಿಯುತ್ತಿದ್ದುದು ಏನೂ ಇಲ್ಲ. ಕಾಗದದ ಕೆಲಸ ಮಾತ್ರ ಪ್ರತಿ ತಿಂಗಳೂ ಇತ್ತು. ಈ ರಗಳೆಯೇ ಬೇಡವೆಂದು ನೋಂದಣಿ ಇಲ್ಲದ ಸಣ್ಣವರಿಂದ ಕೊಳ್ಳುವುದನ್ನೇ ಬಿಡುವ ಲೆಕ್ಕಾಚಾರಕ್ಕೆ ಇದು ದಾರಿಮಾಡಿತು. ಅಕ್ಟೋಬರ್ 13ರಂದು ಉಪವಿಧಿಯನ್ನು ಅಮಾನತಿನಲ್ಲಿಟ್ಟು, 2019ರಲ್ಲಿ ತಿದ್ದಿ, ಮುಖ್ಯವಾಗಿ ಕಟ್ಟಡ ನಿರ್ಮಾಣದಾರರಿಗೆ ಸೀಮಿತಗೊಳಿಸಲಾಯಿತು. ಮೂರೂವರೆ ತಿಂಗಳೂ ತುಂಬದ ಈ ಪ್ರಯೋಗವನ್ನು ಮೊದಲೇ ಯೋಚಿಸಿ ಕೈಬಿಡಬಹುದಿತ್ತು.

ಲಾರಿ ಬಾಡಿಗೆ ಮಾತ್ರ 9(3)ರಲ್ಲಿ ಉಳಿದಿದೆ. ದಾವಣಗೆರೆಯ ಟೈಲ್ಸ್ ವ್ಯಾಪಾರಿಯೊಬ್ಬರು ರಾಜ್ಯದೊಳಗಿನ ಸಾಗಣೆ ಏಜೆನ್ಸಿಯ ಮೂಲಕ ಬೆಂಗಳೂರಿನಿಂದ ಮಾಲು ತರಿಸಿ ₹40,000 ಬಾಡಿಗೆ ಕೊಟ್ಟರೆನ್ನೋಣ. ಏಜೆನ್ಸಿ ತಾನೇ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಂಡಿಲ್ಲವಾದರೆ, ಶೇ 5ರಂತೆ ₹2,000 ವ್ಯಾಪಾರಿಯ ಹೊಣೆ: ಕೇಂದ್ರಕ್ಕೆ ₹1,000, ರಾಜ್ಯಕ್ಕೆ ₹1,000. ಐಟಿಸಿ ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಅದರಿಂದ ಕಟ್ಟಲು ಬರುವುದಿಲ್ಲ. ನಗದು ಖಾತೆಗೇ ಹಣ ತುಂಬಬೇಕು. ತೆರಿಗೆ ಲೆಕ್ಕ ಸಲ್ಲಿಸುವ GSTR-3B ನಮೂನೆಯ 3.1(d)ಯಲ್ಲಿ ಹೊಣೆ, 4(A)(3)ರಲ್ಲಿ ಜಮೆ. ಎರಡನ್ನೂ ಅದೇ ತಿಂಗಳಲ್ಲಿ ತೋರಿಸಬಹುದು.

ಎಡವಟ್ಟು ಆಗುವುದು ‘ಹೇಗೂ ವಾಪಸ್ ಬರುವ ದುಡ್ಡು’ ಎಂಬ ಉದಾಸೀನದಲ್ಲಿ. ಲೆಕ್ಕ ತಪಾಸಣೆಯವರು ಲಾಭನಷ್ಟ ಪಟ್ಟಿಯ ಲಾರಿ ಬಾಡಿಗೆಯನ್ನು 3.1(d)ಗೆ ತಾಳೆ ಹಾಕಿದರೆ ಅಂತರ ಕೂಡಲೇ ಕಾಣುತ್ತದೆ; ತಡವಾದುದಕ್ಕೆ ವರ್ಷಕ್ಕೆ ಶೇ 18ರ ಬಡ್ಡಿ ಬೀಳುತ್ತದೆ, ಆ ಬಡ್ಡಿಗೆ ಜಮೆ ಇಲ್ಲ. ಲಾರಿ ಮಾಲೀಕರಿಂದಲೇ ನೇರವಾಗಿ ಗಾಡಿ ಹಿಡಿದು, ಎಲ್‌ಆರ್ ಎಂಬ ಸಾಗಣೆ ರಸೀದಿ ಇಲ್ಲದೆ ಮಾಲು ತರಿಸಿದ್ದರೆ ಅದು ಏಜೆನ್ಸಿಯ ಸೇವೆಯೇ ಅಲ್ಲವಾದ್ದರಿಂದ ತೆರಿಗೆಯೂ ಇಲ್ಲ. ಆದರೆ ಪುಸ್ತಕದಲ್ಲಿ ಎರಡೂ ‘ಲಾರಿ ಬಾಡಿಗೆ’ ಎಂದೇ ಬರೆದಿದ್ದರೆ ಬೇರ್ಪಡಿಸಿ ತೋರಿಸುವುದು ವ್ಯಾಪಾರಿಯ ಪಾಲಿನ ಕೆಲಸ.

ಜಮೆ ಸಿಗದವರಿಗೆ ಇದು ಬರೀ ಕಾಗದದ ಕೆಲಸವಲ್ಲ, ಖರ್ಚು. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದ ಮಾಲೀಕರಿಗೆ ಕೊಡುವ ವಾಣಿಜ್ಯ ಕಟ್ಟಡದ ಬಾಡಿಗೆಯೂ ರಿವರ್ಸ್ ಚಾರ್ಜ್‌ಗೆ ಬಂದಾಗ ಅದು ಸ್ಪಷ್ಟವಾಯಿತು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಹೋಟೆಲಿನವರು ತಿಂಗಳಿಗೆ ₹30,000 ಬಾಡಿಗೆ ಕೊಡುತ್ತಿದ್ದರೆ, ಶೇ 18ರಂತೆ ₹5,400 ಕೈಯಿಂದಲೇ ಹೋಗುತ್ತಿತ್ತು, ಏಕೆಂದರೆ ಅವರಿಗೆ ಐಟಿಸಿ ಇಲ್ಲ. 2025ರ ಜನವರಿ 16ರಿಂದ ಅವರನ್ನು ಈ ಬಾಡಿಗೆಯ ಹೊಣೆಯಿಂದ ಹೊರಗಿಡಲಾಯಿತು. ಅವರು ಸಾಗಣೆ ಏಜೆನ್ಸಿಗೆ ಕೊಡುವ ಬಾಡಿಗೆಯ ಮೇಲಿನ ಶೇ 5 ಮಾತ್ರ ಈಗಲೂ ಕೈಯಿಂದಲೇ ಹೋಗುತ್ತದೆ.