ಉಚಿತ ಟ್ರಯಲ್: ಒಂದು ರೂಪಾಯಿ ಕಟ್ಟುವ ಮುನ್ನ ಮ್ಯಾಂಡೇಟ್ ಓದಿ

‘7 ದಿನ ಉಚಿತ, ಈಗ ಕೊಡಬೇಕಾದ್ದು ₹1 ಮಾತ್ರ’ ಎಂದು ಬರೆದಿರುವ ಕಡೆ ಎಲ್ಲರ ಕಣ್ಣೂ ಆ ಒಂದು ರೂಪಾಯಿಯ ಮೇಲೇ ಇರುತ್ತದೆ. ಆ ರೂಪಾಯಿ ಬೇಕಾಗಿರುವುದು ನಿಮ್ಮ ಕಾರ್ಡ್ ಅಥವಾ ಖಾತೆ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಲಿಕ್ಕೆ. ಅದನ್ನು ಕಟ್ಟುವಾಗ ಒಟಿಪಿ ಅಥವಾ ಯುಪಿಐ ಪಿನ್ ಹಾಕುತ್ತೀರಲ್ಲ, ಅದೇ ಪಿನ್‌ನಿಂದ ಇನ್ನೊಂದು ಕೆಲಸವೂ ಆಗಿಹೋಗುತ್ತದೆ: ಮುಂದೆ ನಿಮ್ಮ ಖಾತೆಯಿಂದ ಕಾಲಕಾಲಕ್ಕೆ ಹಣ ತೆಗೆದುಕೊಳ್ಳಲು ಕಂಪನಿಗೆ ಅನುಮತಿ ಸಿಗುತ್ತದೆ. ಕಾರ್ಡಿನಲ್ಲಾದರೆ ಇದು ಇ-ಮ್ಯಾಂಡೇಟ್, ಯುಪಿಐನಲ್ಲಾದರೆ ಆಟೋಪೇ.

‘ಒಟಿಪಿ ಬರಲೇ ಇಲ್ಲ, ದುಡ್ಡು ಹೇಗೆ ಹೋಯಿತು?’ ಎಂದು ಕೇಳುವವರು ಬಹಳ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಬೇಕಾಗಿರುವುದು ಮ್ಯಾಂಡೇಟ್ ನೋಂದಾಯಿಸುವಾಗ. ಆಮೇಲಿನ ಕಂತುಗಳು ಒಂದು ಮಿತಿಯೊಳಗಿದ್ದರೆ ಮತ್ತೆ ಕೇಳಬೇಕಾಗಿಲ್ಲ. ಮೊದಲು ₹2,000 ಇದ್ದ ಈ ಮಿತಿಯನ್ನು ₹5,000ಕ್ಕೆ, 2022ರ ಜೂನ್‌ನಲ್ಲಿ ₹15,000ಕ್ಕೆ ಏರಿಸಲಾಯಿತು. ಆ್ಯಪ್‌ಗಳ ಚಂದಾ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕೆಳಗೇ ಇರುವುದರಿಂದ ಒಟಿಪಿ ಬರುವ ಪ್ರಶ್ನೆಯೇ ಇಲ್ಲ. ಹಾಗಾಗಿ ತಡೆಯಲು ನಿಮಗೆ ಸಿಗುವ ಒಳ್ಳೆಯ ಅವಕಾಶ ಆ ಮೊದಲ ಪಿನ್‌ಗೆ ಮುಂಚಿನ ಅರ್ಧ ನಿಮಿಷ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಇಂಗ್ಲಿಷ್ ಕಲಿಸುವ ಆ್ಯಪ್ ಒಂದರಲ್ಲಿ ದೊಡ್ಡ ಅಕ್ಷರದಲ್ಲಿ ‘ತಿಂಗಳಿಗೆ ₹199’ ಎಂದಿದೆ. ಅದರ ಕೆಳಗೆ ಬೂದು ಬಣ್ಣದಲ್ಲಿ, ಸಣ್ಣದಾಗಿ `billed annually` ಎಂದಿದೆ. ಅಂದರೆ ಹನ್ನೆರಡು ತಿಂಗಳ ಹಣವನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ: ₹2,388. ತೆರಿಗೆ ಬೇರೆ ಎಂದಿದ್ದರೆ 18% ಜಿಎಸ್‌ಟಿ ಸೇರಿ ₹2,817.84. ತಿಂಗಳಿಗೆ ಇನ್ನೂರು ರೂಪಾಯಿ ಎಂದುಕೊಂಡು ಒಪ್ಪಿದವರ ಖಾತೆಯಿಂದ ಎಂಟನೆಯ ದಿನ ಸುಮಾರು ಎರಡು ಸಾವಿರದ ಎಂಟುನೂರು ಹೋಗುತ್ತದೆ.

ಈಗ ಯುಪಿಐ ಆ್ಯಪ್ ತೆರೆದುಕೊಂಡು ಮ್ಯಾಂಡೇಟ್ ಪರದೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಕಂಪನಿಯ ಉದ್ದನೆಯ ಷರತ್ತುಗಳಿಗಿಂತ ಈ ಪುಟ್ಟ ಪರದೆಯೇ ಹೆಚ್ಚು ಮುಖ್ಯ, ಏಕೆಂದರೆ ಜಾಹೀರಾತಿನಲ್ಲಿ ಏನೇ ಇರಲಿ, ಬ್ಯಾಂಕ್ ನಡೆದುಕೊಳ್ಳುವುದು ಇಲ್ಲಿ ನಮೂದಾದದ್ದಕ್ಕೆ. ಮೊತ್ತದ ಹಿಂದೆ `up to` ಎಂಬ ಪದವಿದೆಯೇ ನೋಡಿ. ನಮ್ಮ ಉದಾಹರಣೆಯಲ್ಲಿ `up to ₹5,000` ಎಂದಿದ್ದರೆ, ಮುಂದಿನ ವರ್ಷ ಚಂದಾ ₹4,500 ಆದರೂ ನಿಮ್ಮಿಂದ ಹೊಸ ಪಿನ್ ಕೇಳದೆ ಅಷ್ಟನ್ನೂ ತೆಗೆದುಕೊಳ್ಳುವಷ್ಟು ಜಾಗ ಅದರಲ್ಲಿದೆ. ಆಮೇಲೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನೋಡಿ: `yearly`, `monthly`, `as presented`. ಕೊನೆಯದರಲ್ಲಿ ನಿಗದಿತ ಅವಧಿ ಅಂತ ಇಲ್ಲ, ಕಂಪನಿ ಕೇಳಿದಾಗ ಹಣ ಹೋಗಬಹುದು. ಏಳು ದಿನದ ಟ್ರಯಲ್‌ಗೆ ಇಂಥ ಅನುಮತಿ ಕೊಡಲು ಯಾವ ಕಾರಣವೂ ಇಲ್ಲ, ಅಲ್ಲೇ ಹಿಂದೆ ಬನ್ನಿ. ಅನುಮತಿ ಮುಗಿಯುವ ದಿನಾಂಕವನ್ನೂ ಓದಿ. ಅದು ಹತ್ತಾರು ವರ್ಷ ಮುಂದಿದ್ದರೆ ಮ್ಯಾಂಡೇಟ್ ತಾನಾಗಿ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು.

ಷರತ್ತುಗಳ ಪುಟವನ್ನು ಪೂರ್ತಿ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಬ್ರೌಸರ್‌ನಲ್ಲಿ ಆ ಪುಟ ತೆರೆದು `renew`, `cancel`, `refund`, `hours` ಈ ನಾಲ್ಕು ಪದಗಳನ್ನು ಒಂದೊಂದಾಗಿ ಹುಡುಕಿ, ಸಿಕ್ಕ ವಾಕ್ಯಗಳನ್ನಷ್ಟೇ ಓದಿ. ಹಲವು ಕಡೆ ‘ಟ್ರಯಲ್ ಮುಗಿಯುವ ಕನಿಷ್ಠ 24 ಗಂಟೆ ಮೊದಲು ರದ್ದು ಮಾಡಬೇಕು’ ಎಂಬ ವಾಕ್ಯ ಸಿಗುತ್ತದೆ. ಜನ ಸಿಕ್ಕಿಬೀಳುವುದು ಈ ಲೆಕ್ಕದಲ್ಲೇ.

ಜೂನ್ 10ರ ರಾತ್ರಿ 9ಕ್ಕೆ ಟ್ರಯಲ್ ಶುರುವಾಯಿತು ಅನ್ನಿ. ಪೂರ್ತಿ ಏಳು ದಿನ ಎಂದರೆ 17ರ ರಾತ್ರಿ 9. ಅದಕ್ಕೆ 24 ಗಂಟೆ ಮೊದಲು ಎಂದರೆ 16ರ ರಾತ್ರಿ 9ರೊಳಗೆ ರದ್ದಾಗಿರಬೇಕು. ಶುರುವಾದ ದಿನವನ್ನೂ ಲೆಕ್ಕಕ್ಕೆ ಹಿಡಿಯುವ ಕಂಪನಿಯಾದರೆ ಟ್ರಯಲ್ 16ಕ್ಕೇ ಮುಗಿದು, ಗಡುವು 15ಕ್ಕೆ ಬರುತ್ತದೆ. ಸಮಯವನ್ನು `UTC`, ಅಂದರೆ ಜಾಗತಿಕ ಪ್ರಮಾಣಿತ ಸಮಯ ಎಂದು ಬರೆದಿದ್ದರೆ ಆ ಲೆಕ್ಕದ ಮಧ್ಯರಾತ್ರಿ ನಮ್ಮಲ್ಲಿ ಬೆಳಗಿನ 5.30. ‘ಏಳು ದಿನ’ದಲ್ಲಿ ನಿಶ್ಚಿಂತೆಯಿಂದ ಬಳಸಲು ಸಿಗುವುದು ನಾಲ್ಕೋ ಐದೋ ದಿನ. ಫೋನಿನಲ್ಲಿ ಅಲಾರಂ ಇಡುವುದಾದರೆ ನಾಲ್ಕನೆಯ ದಿನಕ್ಕೆ ಇಡಿ.

ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ನಿಯಮವಿದೆ, ಅದನ್ನೇ ನಂಬಿದರಾಗದೇ ಎಂದು ಕೇಳಬಹುದು. ಮೇಲಿನ ದಿನಾಂಕಗಳನ್ನು ಮತ್ತೆ ನೋಡಿ: ಸೂಚನೆ 16ರ ರಾತ್ರಿ 9ರ ಹೊತ್ತಿಗೆ ಬಂದರೆ ಸಾಕು, ಕಂಪನಿಯ ಗಡುವು ಮುಗಿಯುವುದೂ ಅದೇ ಹೊತ್ತಿಗೆ. ಆದರೆ ಆ ಸೂಚನೆಯಿಂದ ಒಂದು ಪ್ರಯೋಜನವಿದೆ. ಅದು ಬಂದ ಮೇಲೂ ಆ ಕಂತನ್ನು ಅಥವಾ ಇಡೀ ಮ್ಯಾಂಡೇಟನ್ನು ಬೇಡ ಎನ್ನುವ ಅವಕಾಶವನ್ನು ಬ್ಯಾಂಕ್ ಕೊಡಲೇಬೇಕು. ಕಂಪನಿ ‘ಗಡುವು ಮೀರಿತು’ ಎಂದರೂ ಬ್ಯಾಂಕಿನ ಕಡೆಯಿಂದ ಹಣ ತಡೆಯಬಹುದು. ಎಸ್ಎಂಎಸ್ ಅಥವಾ ಇಮೇಲ್‌ನಲ್ಲಿ ಬರುವ ಅದನ್ನು ಜಾಹೀರಾತೆಂದು ಅಳಿಸಬೇಡಿ.

ರದ್ದು ಮಾಡುವಾಗ ಎರಡು ಕಡೆ ಮಾಡಬೇಕು. ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಸೇರಿದ್ದರೆ ಪ್ರೊಫೈಲ್ ಚಿತ್ರ ಒತ್ತಿ, `Payments & subscriptions` ಒಳಗೆ `Subscriptions`ಗೆ ಹೋಗಿ ರದ್ದು ಮಾಡಿ. ಕಂಪನಿಯಲ್ಲೇ ನೇರವಾಗಿ ಸೇರಿದ್ದರೆ ಅವರ ಖಾತೆಯ ಪುಟದಲ್ಲಿ ಮಾಡಿ. ಆಮೇಲೆ ಯುಪಿಐ ಆ್ಯಪಿನ ಆಟೋಪೇ ವಿಭಾಗದಲ್ಲಿ ಅಥವಾ ಬ್ಯಾಂಕಿನ ಕಾರ್ಡ್ ಪುಟದಲ್ಲಿ ಆ ಮ್ಯಾಂಡೇಟ್ ಇನ್ನೂ ಇದೆಯೇ ನೋಡಿ, ಇದ್ದರೆ ಪಿನ್ ಹಾಕಿ ತೆಗೆಯಿರಿ. ಮ್ಯಾಂಡೇಟ್ ಒಂದನ್ನೇ ತೆಗೆದರೆ ಹಣ ನಿಲ್ಲುತ್ತದೆ, ಆದರೆ ಕಂಪನಿಯ ಲೆಕ್ಕದಲ್ಲಿ ನೀವಿನ್ನೂ ಚಂದಾದಾರರಾಗಿ, ಬಾಕಿದಾರರಾಗಿ ಉಳಿಯಬಹುದು. ಬೆಲೆಯ ಪುಟ, ಮ್ಯಾಂಡೇಟ್ ಪರದೆ, ರದ್ದಾದ ಸಂದೇಶ, ಈ ಮೂರರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಿದೇಶಿ ಜಾಲತಾಣಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕಾರ್ಡ್ ಸಂಖ್ಯೆ ಮತ್ತು ಸಿವಿವಿ ಕೊಟ್ಟರೆ ಒಟಿಪಿ ಇಲ್ಲದೆಯೇ ಹಣ ಪಡೆಯುವ ತಾಣಗಳು ಅಲ್ಲಿವೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ವಹಿವಾಟನ್ನು ಆಫ್ ಮಾಡಿಡಿ. ಬೇಕಾದಾಗ ಆನ್ ಮಾಡಿ, ಮಿತಿಯನ್ನು ಕೆಲವೇ ನೂರು ರೂಪಾಯಿಗೆ ಇಳಿಸಿ, ಕೆಲಸವಾದ ಮೇಲೆ ಮತ್ತೆ ಮುಚ್ಚಿ.

ಹಣ ಹೋಗಿಯೇಬಿಟ್ಟಿದ್ದರೆ ಬ್ಯಾಂಕಿಗೆ ‘ನನ್ನ ಅನುಮತಿಯಿಲ್ಲದೆ ಕಡಿತವಾಗಿದೆ’ ಎಂದಷ್ಟೇ ಬರೆದರೆ ದೂರು ನಿಲ್ಲುವುದು ಕಷ್ಟ, ಪಿನ್ ಹಾಕಿದ ದಾಖಲೆ ಅವರ ಬಳಿ ಇರುತ್ತದೆ. ಗಟ್ಟಿಯಾಗುವುದು ಈ ಮೂರರಲ್ಲಿ ಒಂದಾದರೂ ಇದ್ದಾಗ: ಮುಂಚಿತ ಸೂಚನೆ ಬಂದಿರಲಿಲ್ಲ, ಮ್ಯಾಂಡೇಟ್ ಮಿತಿಗಿಂತ ಹೆಚ್ಚು ಹೋಗಿದೆ, ರದ್ದಾದ ಮೇಲೂ ಹೋಗಿದೆ. ಬ್ಯಾಂಕ್ 30 ದಿನದಲ್ಲಿ ಪರಿಹರಿಸದಿದ್ದರೆ `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕಂಪನಿಯ ನಡವಳಿಕೆಯ ದೂರು ಬೇರೆ, ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿತಪ್ಪಿಸುವ ವಿನ್ಯಾಸಗಳ ಕುರಿತ ಮಾರ್ಗಸೂಚಿಯಲ್ಲಿ, ರದ್ದು ಮಾಡುವ ಬಟನ್ ಬಚ್ಚಿಡುವುದಷ್ಟೇ ಅಲ್ಲ, ಉಚಿತ ಚಂದಾಕ್ಕೆ ಪಾವತಿ ವಿವರ ಅಥವಾ ಆಟೋ ಡೆಬಿಟ್ ಅನುಮತಿಯನ್ನು ಬಲವಂತವಾಗಿ ಕೇಳುವುದೂ ಚಂದಾ ಬಲೆ ಎಂದೇ ಹೆಸರಿಸಲ್ಪಟ್ಟಿದೆ. 1915ಕ್ಕೆ ದೂರು ಕೊಡುವಾಗ ಆ ಮಾರ್ಗಸೂಚಿಯನ್ನು ಹೆಸರಿಸಿ, ಬೆಲೆಯ ಪುಟದ ಸ್ಕ್ರೀನ್‌ಶಾಟ್ ಜೊತೆಗಿಡಿ.