ಮಾರಿದ್ದು ಬರೆಯದಿದ್ದರೂ ನಡೆಯುತ್ತದೆ, ಗಲ್ಲಾದಿಂದ ತೆಗೆದದ್ದು ಬರೆಯಿರಿ

ನಿಟ್ಟುವಳ್ಳಿ ಕಡೆ ಸಣ್ಣ ಕಿರಾಣಿ ಅಂಗಡಿ ಇಟ್ಟಿರುವ ಒಬ್ಬ ಅಕ್ಕ ನನ್ನ ಹತ್ತಿರ ಬಂದಿದ್ದರು. "ಸರ್, ದಿನಾ ಗಿರಾಕಿ ಇದ್ದೇ ಇರ್ತಾರೆ, ಆದ್ರೆ ಮಂಡಿಪೇಟೆಗೆ ಸರಕು ತರೋಕೆ ಹೋಗೋ ದಿನ ಕೈಯಲ್ಲಿ ದುಡ್ಡೇ ಇರಲ್ಲ" ಅಂದರು. ಪುಸ್ತಕ ಬರೀತೀರಾ ಅಂತ ಕೇಳಿದೆ. ಬರೀತಿದ್ದರು, ಪಾಪ. ಸಕ್ಕರೆ ಅರ್ಧ ಕೆಜಿ, ಸೋಪು ಒಂದು, ಶ್ಯಾಂಪೂ ಎರಡು ಅಂತ ಮಾರಿದ್ದನ್ನೆಲ್ಲ ಬೆಳಿಗ್ಗೆ ಹತ್ತು ಗಂಟೆವರೆಗೆ ಬರೆದು, ಗಿರಾಕಿ ಜಾಸ್ತಿ ಆದ ಕೂಡಲೇ ಬಿಟ್ಟುಬಿಡುತ್ತಿದ್ದರು. ಹದಿನೈದು ದಿನದ ಪುಸ್ತಕದಲ್ಲಿ ಒಂದು ದಿನವೂ ರಾತ್ರಿವರೆಗೆ ಮುಟ್ಟಿರಲಿಲ್ಲ.

ನಾನು ಮೊದಲು ಹೇಳಿದ್ದು, ಮಾರಿದ್ದನ್ನು ಬರೆಯೋದು ಬಿಡಿ ಅಂತ. ಒಬ್ಬರೇ ಕೂರುವ ಅಂಗಡಿಯಲ್ಲಿ ಐದು ರೂಪಾಯಿ ಚಾಕೊಲೇಟಿಗೆಲ್ಲ ಪೆನ್ನು ಹಿಡಿಯೋಕೆ ಆಗಲ್ಲ. ಆದರೆ ಗಲ್ಲಾದಿಂದ ದುಡ್ಡು ಹೊರಗೆ ಹೋಗೋದು ದಿನಕ್ಕೆ ಎಂಟೋ ಹತ್ತೋ ಸಲ ಅಷ್ಟೇ. ಅದನ್ನು ಆಗಿಂದಾಗಲೇ ಬರೆದರೆ, ನಗದು ವ್ಯಾಪಾರ ಎಷ್ಟಾಯಿತು ಅನ್ನೋದನ್ನು ರಾತ್ರಿ ಲೆಕ್ಕ ಹಾಕಿ ತೆಗೆಯಬಹುದು. ನಮ್ಮ ಹಳೇ ಕಿರ್ದಿ ಪುಸ್ತಕದ ಜಮಾ-ಖರ್ಚು ಇದೇ. ದೀಪಾವಳಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಆ ಪುಸ್ತಕ ಎಷ್ಟೋ ಅಂಗಡಿಗಳಲ್ಲಿ ಯುಗಾದಿವರೆಗೂ ಖಾಲಿ ಇರುತ್ತದೆ, ಅದು ಬೇರೆ ಮಾತು.

ಆ ಅಕ್ಕನ ಜೊತೆ ಕೂತು ಒಂದು ದಿನದ ಪುಟ ಹೀಗೆ ಬರೆದೆವು.

ಬೆಳಗಿನ ಶಿಲ್ಕು (ಗಲ್ಲಾದಲ್ಲಿ ಇದ್ದದ್ದು): 1,500
ಹಳೇ ಉದ್ರಿ ನಗದಾಗಿ ಬಂದದ್ದು: 450

ಗಲ್ಲಾದಿಂದ ತೆಗೆದದ್ದು
ಸರಕಿಗೆ: ಹಾಲು 640, ಬ್ರೆಡ್ಡು 180, ಮಂಡಕ್ಕಿ 350 = 1,170
ಅಂಗಡಿ ಖರ್ಚಿಗೆ: ಆಟೋ 60, ಟೀ 20 = 80
ಮನೆಗೆ: ತರಕಾರಿ 200, ಪಿಗ್ಮಿ 300, ಮಗಳ ಟ್ಯೂಷನ್ 250 = 750
ಒಟ್ಟು: 2,000

ರಾತ್ರಿ ಎಣಿಸಿದಾಗ ಗಲ್ಲಾದಲ್ಲಿ: 3,730

ಈಗ ಲೆಕ್ಕ. ರಾತ್ರಿ ಇರುವ 3,730ಕ್ಕೆ ದಿನದಲ್ಲಿ ತೆಗೆದ 2,000 ಸೇರಿಸಿ, 5,730 ಆಯಿತು. ಅದರಲ್ಲಿ ಬೆಳಿಗ್ಗೆಯೇ ಇದ್ದ 1,500 ಕಳೆಯಿರಿ, ಉದ್ರಿ ಬಂದ 450 ಕಳೆಯಿರಿ. ಉಳಿದ 3,780 ಇವತ್ತಿನ ನಗದು ವ್ಯಾಪಾರ. ಉದ್ರಿ ಯಾಕೆ ಕಳೆಯಬೇಕು ಅಂದರೆ ಆ ಮಾಲು ಹೋದ ತಿಂಗಳೇ ಹೋಗಿದೆ, ಆವತ್ತಿನ ವ್ಯಾಪಾರದಲ್ಲೇ ಸೇರಿದೆ. ದುಡ್ಡು ಮಾತ್ರ ಇವತ್ತು ಬಂತು. ಎರಡು ಸಲ ಸೇರಿಸಿದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂಗೆ.

ಆಮೇಲೆ ಫೋನು. ಆ ದಿನ ಅಂಗಡಿಯ ಸ್ಕ್ಯಾನರ್‌ಗೆ 2,340 ಬಂದಿತ್ತು. ಅದರಲ್ಲಿ 300 ಹಳೇ ಉದ್ರಿ. ಇನ್ನೊಂದು 500 ಹರಿಹರದ ತಂಗಿ ಕಳಿಸಿದ್ದು, ಕೈಸಾಲ ವಾಪಸ್ಸು. ಎರಡನ್ನೂ ತೆಗೆದರೆ 1,540. ಹೊಸದಾಗಿ ಉದ್ರಿ ಕೊಟ್ಟದ್ದು 620, ಅದನ್ನು ಉದ್ರಿ ಪುಸ್ತಕದಲ್ಲಿ ಅವರವರ ಹೆಸರಿನ ಪುಟದಲ್ಲೂ ಬರೆದೆವು. ಮೂರೂ ಕೂಡಿದರೆ ಆ ದಿನದ ಒಟ್ಟು ವ್ಯಾಪಾರ 5,940.

ಈಗ ಒಂದು ತಮಾಷೆ ನೋಡಿ. ಅಕ್ಕ ಮನೆಗೆ ತೆಗೆದ 750 ಬರೆಯದೇ ಇದ್ದಿದ್ದರೆ ಇದೇ ಲೆಕ್ಕದಲ್ಲಿ ನಗದು ವ್ಯಾಪಾರ 3,030 ಅಂತ ಬರುತ್ತಿತ್ತು. ಆಗ ಅವರಿಗೆ ಅನ್ನಿಸೋದು, ಇವತ್ತು ವ್ಯಾಪಾರ ಕಮ್ಮಿ ಆಯ್ತು, ಪಕ್ಕದಲ್ಲಿ ಹೊಸ ಅಂಗಡಿ ಬಂದಿದೆಯಲ್ಲ ಅದಕ್ಕೇ ಅಂತ. ಬರೆಯದ ಖರ್ಚು ಖರ್ಚಿನ ಹಾಗೆ ಕಾಣಿಸಲ್ಲ, ವ್ಯಾಪಾರ ಬಿದ್ದ ಹಾಗೆ ಕಾಣಿಸುತ್ತದೆ. ಹಾಗಾಗಿ ಯಾವ ಕಾರಣವೂ ಇಲ್ಲದೆ ಒಂದು ದಿನದ ವ್ಯಾಪಾರ ಏಳೆಂಟು ನೂರು ಇಳಿದಿದ್ದರೆ ಗಿರಾಕಿಯನ್ನು ಬೈಯೋ ಮೊದಲು ಏನು ಬರೆಯೋದು ಮರೆತೆ ಅಂತ ಯೋಚಿಸಿ.

ಮಂಡಿಪೇಟೆಗೆ ಹೋಗೋ ದಿನ ದುಡ್ಡು ಯಾಕೆ ಇರಲ್ಲ ಅನ್ನೋದೂ ಇದೇ ಪುಟದಲ್ಲಿ ಇತ್ತು. ಅವರ ಮಾಲಿನ ಮೇಲೆ ನೂರಕ್ಕೆ ಹತ್ತು ಉಳಿಯುತ್ತದೆ ಅಂತ ಇಟ್ಟುಕೊಳ್ಳೋಣ, ಹಾಲಿಗೆ ಇನ್ನೂ ಕಮ್ಮಿ, ಬಿಡಿ. 5,940ಕ್ಕೆ 594 ರೂಪಾಯಿ. ಆಟೋ, ಟೀ ಕಳೆದರೆ 514. ಮನೆಗೆ ಹೋದದ್ದು 750. ಅಂದರೆ ಆ ಒಂದೇ ದಿನ 236 ರೂಪಾಯಿ ಬಂಡವಾಳದಿಂದ ಹೋಯಿತು, ಬಾಡಿಗೆ, ಕರೆಂಟ್ ಬಿಲ್ಲು ಇನ್ನೂ ಹಿಡಿದೇ ಇಲ್ಲ. ಅದರ ಮೇಲೆ 620 ಉದ್ರಿಯಲ್ಲಿ ಕೂತಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು, "ಪಿಗ್ಮಿ ಉಳಿತಾಯ ಅಲ್ವಾ ಸರ್, ಅದನ್ನ್ಯಾಕೆ ಮನೆ ಲೆಕ್ಕಕ್ಕೆ ಹಾಕಿದ್ರಿ?" ಅಂದರು. ಒಳ್ಳೇ ಪ್ರಶ್ನೆ. ಉಳಿತಾಯ ಹೌದು, ಎಲ್ಲೂ ಹೋಗಿಲ್ಲ. ಆದರೆ ಸರಕು ತರೋ ದಿನ ಆ ದುಡ್ಡು ಗಲ್ಲಾದಲ್ಲೂ ಇಲ್ಲ. ಪಿಗ್ಮಿಯನ್ನು 300ರಿಂದ 100ಕ್ಕೆ ಇಳಿಸಿಕೊಂಡರು.

ಅಂಗಡಿಯಿಂದ ಮನೆಗೆ ಒಯ್ಯುವ ಎಣ್ಣೆ, ಬೇಳೆಯನ್ನೂ ಕೊಂಡ ಬೆಲೆಯಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ. ಅದು ಗಲ್ಲಾ ಲೆಕ್ಕಕ್ಕೆ ಸೇರಲ್ಲ, ಯಾಕೆಂದರೆ ಅಲ್ಲಿ ದುಡ್ಡು ಅಲ್ಲಾಡಿಲ್ಲ. ಆದರೆ ಮನೆ ಅಂಗಡಿಯಿಂದ ಎಷ್ಟು ತಿಂತು ಅಂತ ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಕೆಲಸದ ಹುಡುಗ ಐವತ್ತು ರೂಪಾಯಿ ಎತ್ತಿಕೊಂಡರೆ ಇದರಲ್ಲಿ ಸಿಕ್ಕಿಬೀಳಲ್ಲ, ಅದೂ ವ್ಯಾಪಾರ ಕಮ್ಮಿ ಆದಂಗೇ ಕಾಣುತ್ತದೆ. ಅನುಮಾನ ಇದ್ದರೆ ಹಾಲಿನ ಪ್ಯಾಕೆಟ್ಟಿನಂಥ ಒಂದು ಮಾಲನ್ನು ಬೆಳಿಗ್ಗೆ ಎಷ್ಟು ಬಂತು, ರಾತ್ರಿ ಎಷ್ಟು ಉಳಿಯಿತು ಅಂತ ಎಣಿಸಿ, ಅದರ ದುಡ್ಡನ್ನು ಒಂದು ವಾರ ಬೇರೆ ಡಬ್ಬಿಯಲ್ಲಿ ಹಾಕಿಸಿ ನೋಡಬೇಕು.

ತಂಗಿಯ 500ಕ್ಕೆ ವಾಪಸ್ಸು ಬರ್ತೀನಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ನೋಟಿಸು ಬಂದಾಗ ರಾಜ್ಯದ ಸಣ್ಣ ವ್ಯಾಪಾರಿಗಳೆಲ್ಲ ಗಾಬರಿ ಆಗಿದ್ದು ನೆನಪಿದೆಯಲ್ಲ. ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಸುಮಾರು 11,000 ವ್ಯಾಪಾರ. ನಗದು, ಫೋನು, ಉದ್ರಿ ಎಲ್ಲ ಸೇರಿ. ನಮ್ಮ ಅಕ್ಕ ಅದರ ಅರ್ಧದ ಹತ್ತಿರ ಇದ್ದಾರೆ. ಆದರೆ ಫೋನಿಗೆ ಬಂದ ದುಡ್ಡಿನಲ್ಲಿ ವ್ಯಾಪಾರದ್ದು ಯಾವುದು, ಕೈಸಾಲದ್ದು ಯಾವುದು ಅಂತ ಮೂರು ವರ್ಷ ಬಿಟ್ಟು ಕೇಳಿದರೆ ಯಾರಿಗೆ ನೆನಪಿರುತ್ತದೆ? ಅಂಗಡಿಗೆ ಒಂದು ಬೇರೆ ಖಾತೆ, ಬೇರೆ ಸ್ಕ್ಯಾನರ್ ಇಡಿ. ತಂಗಿಗೆ ಇನ್ನೊಂದು ನಂಬರ್ ಕೊಡಿ.

ಇನ್ನು ರಾತ್ರಿಯ ಕೆಲಸ. ಎಣಿಸಿದ 3,730ರಲ್ಲಿ 1,500 ಚಿಲ್ಲರೆ ಸಮೇತ ಗಲ್ಲಾದಲ್ಲೇ ಬಿಟ್ಟು, 2,230 ಸರಕಿನ ಚೀಲಕ್ಕೆ ಹಾಕಿ ಹಾಗಂತ ಬರೆಯಿರಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ 1,500 ಮತ್ತೆ ಎಣಿಸಿ. ಇಷ್ಟು ಮಾಡಿದ ನಾಲ್ಕನೇ ದಿನವೇ ಅಕ್ಕನ ಫೋನು ಬಂತು, 1,500 ಇರಬೇಕಾದ ಕಡೆ 1,380 ಇದೆ ಅಂತ. ಯಾರ ಹತ್ತಿರ ಬೀಗದ ಕೈ ಇದೆ ಅಂತ ಕೇಳಿದೆ. ಅರ್ಧ ಗಂಟೆ ಬಿಟ್ಟು ಅವರೇ ಮತ್ತೆ ಮಾಡಿದರು. ರಾತ್ರಿ ಯಜಮಾನರು ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗಿದ್ದರಂತೆ. "ಮನೆ ಲೆಕ್ಕಕ್ಕೇ ಬರೀಲಾ ಸರ್?" ಅಂತ ಕೇಳಿದರು.